ಸದ್ದಿಲ್ಲದ ಬೆಳಗನ್ನು ಮಾರುವ ತೋಟದ ಮನೆ: ಜಾಹೀರಾತಿನ ವಿವರಣೆ ಹೇಗೆ ಬರೆಯಬೇಕು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟದ ಹಳೆ ಮನೆಯಲ್ಲಿ ಮೂರು ರೂಮಿನ ಹೋಮ್‌ಸ್ಟೇ ಮಾಡಿದ್ದೇವೆ. ಜಲಪಾತ, ವ್ಯೂ ಪಾಯಿಂಟ್ ಏನೂ ಇಲ್ಲ. ಇರೋದು ಸದ್ದಿಲ್ಲದ, ಆರಾಮದ ಬೆಳಗು ಮಾತ್ರ. ಬುಕಿಂಗ್ ಸೈಟಿನಲ್ಲಿ ಹೀಗೆ ಹಾಕಿದ್ದೇವೆ: "ಪ್ರಕೃತಿಯ ಮಡಿಲಲ್ಲಿ, ಹಸಿರ ಸಿರಿಯ ನಡುವೆ ಶಾಂತ ತಂಗುದಾಣ. ಕ್ಯಾಂಪ್‌ಫೈರ್, ಮ್ಯೂಸಿಕ್, ಜೀಪ್ ರೈಡ್, ಎಸ್ಟೇಟ್ ವಾಕ್ ಉಂಟು. ಗುಂಪಿಗೆ ರಿಯಾಯಿತಿ. ತಿಂಡಿ 8ರಿಂದ 9. ಚೆಕ್‌ಔಟ್ 10." ಬರೋರು ಹೆಚ್ಚಾಗಿ ಹುಡುಗರ ಗುಂಪು, ರಾತ್ರಿಯೆಲ್ಲ ಸ್ಪೀಕರ್. ಉಳಿದವರು "ಇಲ್ಲಿ ಮಾಡೋಕೆ ಏನೂ ಇಲ್ಲ" ಅಂತ ಬರೆದು ಹೋಗ್ತಾರೆ. ಏನು ಬದಲಾಯಿಸಬೇಕು?

ಉತ್ತರ: ನಿಮ್ಮ ಮೊದಲ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ನಿಮ್ಮ ಮನೆಯೂ ಇಲ್ಲ. ಪ್ರಕೃತಿಯ ಮಡಿಲು, ಹಸಿರ ಸಿರಿ ಅಂತ ಮಲೆನಾಡಿನ ಮುಕ್ಕಾಲು ಪಾಲು ಹೋಮ್‌ಸ್ಟೇಗಳು ಬರೆದುಕೊಂಡಿವೆ. ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ, ನೇರ ಮುಂದಿನ ಸಾಲಿಗೆ ಹೋಗುತ್ತದೆ. ಅಲ್ಲಿ ಕ್ಯಾಂಪ್‌ಫೈರ್, ಮ್ಯೂಸಿಕ್, ಗುಂಪಿಗೆ ರಿಯಾಯಿತಿ ಇದೆ. ಅದನ್ನು ಓದಿ ಎಂಟು ಜನ ಹುಡುಗರು ಸ್ಪೀಕರ್ ಹಿಡಿದು ಬಂದರೆ ಅವರನ್ನು ಬಯ್ಯುವುದು ಸರಿಯಲ್ಲ. ಅವರು ನಿಮ್ಮ ಮಾತನ್ನು ನಂಬಿಯೇ ಬಂದವರು.

ಸಾಲು ತಿದ್ದುವ ಮೊದಲು ಸಮಯ ತಿದ್ದಿ. ನಿಮ್ಮ ವಿವರಣೆಯ ದೊಡ್ಡ ತೊಂದರೆ ಇರುವುದು "ತಿಂಡಿ 8ರಿಂದ 9, ಚೆಕ್‌ಔಟ್ 10" ಅನ್ನುವಲ್ಲಿ. ವಾರಾಂತ್ಯಕ್ಕೆ ಬರುವವರಲ್ಲಿ ತುಂಬಾ ಜನ ಒಂದೇ ರಾತ್ರಿ ಉಳಿಯುತ್ತಾರೆ. ಅಂಥವರಿಗೆ ನಿಮ್ಮ ಮನೆಯಲ್ಲಿ ಸಿಗುವುದು ಒಂದೇ ಬೆಳಗು, ಅದೂ ಹೊರಡುವ ದಿನದ ಬೆಳಗು. ಬೆಂಗಳೂರಿನಿಂದ ಐದಾರು ಗಂಟೆ ಗಾಡಿ ಓಡಿಸಿಕೊಂಡು ಬಂದವರು ಎಂಟಕ್ಕೆ ಎದ್ದರು ಅಂದುಕೊಳ್ಳಿ. ಒಂಬತ್ತರೊಳಗೆ ತಿಂಡಿ ತಿನ್ನಬೇಕು, ಹತ್ತರೊಳಗೆ ಸ್ನಾನ ಮಾಡಿ ಬ್ಯಾಗು ಕಟ್ಟಬೇಕು. ಜಗಲಿಯಲ್ಲಿ ಕೂತು ಎರಡನೇ ಲೋಟ ಕಾಫಿ ಕುಡಿಯಲು ಸಮಯ ಎಲ್ಲಿದೆ? ನೀವು ಮಾರುತ್ತಿರುವ ವಸ್ತುವನ್ನು ನಿಮ್ಮ ನಿಯಮವೇ ಕಿತ್ತುಕೊಳ್ಳುತ್ತಿದೆ.

ಚೆಕ್‌ಔಟ್ ಮಧ್ಯಾಹ್ನ 12 ಮಾಡಿ, ಚೆಕ್‌ಇನ್ 3. ಮೂರೇ ರೂಮು ಆದ್ದರಿಂದ ನಡುವಿನ ಮೂರು ಗಂಟೆಯಲ್ಲಿ ಗುಡಿಸಿ, ಹಾಸಿಗೆ ಬದಲಿಸಲು ಸಮಯ ಸಾಕು. ತಿಂಡಿ 8ರಿಂದ 10:30. ಇದು ಅಡುಗೆಮನೆಗೆ ಹೊರೆ ಅನಿಸಬಹುದು, ಅದಕ್ಕೆ ತಿಂಡಿಯನ್ನೇ ನೋಡಿಕೊಂಡು ಆರಿಸಿ. ಕಡುಬು ಹಬೆಯಲ್ಲಿ ಬಿಸಿಯಾಗಿಯೇ ಕಾಯುತ್ತದೆ, ಯಾರು ಯಾವಾಗ ಎದ್ದರೂ ಬಡಿಸಬಹುದು. ಅಕ್ಕಿ ರೊಟ್ಟಿ ಹಾಗಲ್ಲ, ಕಾವಲಿಯಿಂದ ಇಳಿದ ಕೂಡಲೇ ತಿನ್ನಬೇಕು. ಯಾರಾದರೂ ಎರಡೂವರೆ ಗಂಟೆ ಒಲೆ ಮುಂದೆ ನಿಲ್ಲಬಹುದಾದ ದಿನ ರೊಟ್ಟಿ, ಉಳಿದ ದಿನ ಕಡುಬು ಅಂತ ಇಟ್ಟುಕೊಳ್ಳಿ. ಬೇಗ ಏಳುವವರಿಗೆ ಆರು ಗಂಟೆಗೇ ಜಗಲಿಯ ಮೇಲೆ ಒಂದು ಫ್ಲಾಸ್ಕ್ ಕಾಫಿ, ಪಕ್ಕದಲ್ಲಿ ಲೋಟ ಇಟ್ಟುಬಿಡಿ. ಬಾಗಿಲು ಬಡಿಯಬೇಡಿ, ಕರೆಯಬೇಡಿ. ಈ ಒಂದು ಏರ್ಪಾಡು ವಿವರಣೆಯಲ್ಲಿ ಹತ್ತು ವಿಶೇಷಣಗಳ ಕೆಲಸ ಮಾಡುತ್ತದೆ.

ಈಗ ಸದ್ದಿನ ವಿಷಯ. ನಿಮ್ಮ ಬೆಳಗು ನಿಜವಾಗಿ ಹೇಗೆ ಕೇಳುತ್ತದೆ ಅಂತ ನಿಮಗೇ ಗೊತ್ತಿರಲಿಕ್ಕಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು ಕಿವಿಗೆ ಬೀಳುವುದೇ ಇಲ್ಲ ಅಲ್ವಾ? ಅದಕ್ಕೆ ಒಂದು ಕೆಲಸದ ದಿನ, ಒಂದು ಭಾನುವಾರ, ಬೆಳಗ್ಗೆ 5ರಿಂದ 10ರವರೆಗೆ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಸ್ವಲ್ಪ ಹೊತ್ತು ಜಗಲಿ, ಆಮೇಲೆ ಒಂದೊಂದು ರೂಮಿನ ಮಂಚದ ಮೇಲೆ, ಕಿಟಕಿ ಹಾಕಿ ಒಮ್ಮೆ, ತೆಗೆದು ಒಮ್ಮೆ. ಗಂಟೆ ಬರೆಯಿರಿ, ಎದುರಿಗೆ ಸದ್ದು ಬರೆಯಿರಿ. ಅಡುಗೆಮನೆಗೆ ಅಂಟಿದ ರೂಮಿಗೂ ತೋಟದ ಕಡೆಯ ರೂಮಿಗೂ ಎಷ್ಟು ವ್ಯತ್ಯಾಸ ಅನ್ನುವುದು ಆಗ ತಿಳಿಯುತ್ತದೆ.

ನಿಮ್ಮಂಥ ಮನೆಯಲ್ಲಿ ಪಟ್ಟಿ ಹೆಚ್ಚುಕಡಿಮೆ ಹೀಗೆ ಬರುತ್ತದೆ. ಐದೂಕಾಲಿಗೆ ಹುಂಜ. ಬೆಳಕು ಹರಿಯುವಾಗ ಪಿಕಳಾರ, ಕಾಜಾಣ, ಸ್ವಲ್ಪ ತಡವಾಗಿ ಅತ್ತಿ ಮರದಲ್ಲಿ ಕುಟ್ರ ಹಕ್ಕಿ. ಆರೂವರೆಗೆ ಚಟ್ನಿಗೆ ಮಿಕ್ಸಿ. ಏಳಕ್ಕೆ ಟ್ಯಾಂಕಿಗೆ ನೀರೇರಿಸುವ ಮೋಟರ್, ಇಪ್ಪತ್ತು ನಿಮಿಷ. ಏಳೂಮುಕ್ಕಾಲಿಗೆ ಕೆಲಸದವರನ್ನು ಕರೆತರುವ ಜೀಪು, ಜೀಪಿಗೆ ನಾಯಿ. ಎಂಟಕ್ಕೆ ತೋಟದ ಕೆಲಸದ ಲೆಕ್ಕ ನೋಡುವ ರೈಟರ್ ಹಾಜರಿ ಕೂಗುವುದು. ಎಂಟೂವರೆಗೆ ಎಲ್ಲರೂ ತೋಟದೊಳಗೆ ಇಳಿದ ಮೇಲೆ ಮತ್ತೆ ಹಕ್ಕಿ.

ಈ ಪಟ್ಟಿಯಲ್ಲಿ ಮಿಕ್ಸಿ ಮತ್ತು ಮೋಟರ್ ನಿಮ್ಮ ಕೈಯಲ್ಲಿವೆ. ಚಟ್ನಿಯನ್ನು ಗೋಡೆಯಾಚೆ ಯಾರೂ ಮಲಗದ ಜಾಗದಲ್ಲಿ ರುಬ್ಬಿ, ಇಲ್ಲವೇ ಎಂಟರ ಮೇಲೆ ರುಬ್ಬಿ. ಟ್ಯಾಂಕನ್ನು ಮಧ್ಯಾಹ್ನವೇ ತುಂಬಿಸಿಡಿ. ಇವನ್ನು ನಿಲ್ಲಿಸಿದ ಮೇಲೆ ವಿವರಣೆಯಲ್ಲಿ ಹೇಳುವ ಅಗತ್ಯವೂ ಇರುವುದಿಲ್ಲ. ಜೀಪು, ನಾಯಿ, ಹಾಜರಿ ನಿಮ್ಮ ಕೈಯಲ್ಲಿಲ್ಲ. ಅದು ತೋಟ, ಅಲ್ಲಿ ದುಡಿಯುವ ಜನ ಇದ್ದಾರೆ. ಅವರನ್ನು ಅಡಗಿಸಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಬೆಳಗ್ಗೆ ಏಳೂಮುಕ್ಕಾಲಿಗೆ ಒಂದು ಜೀಪು ಬರುತ್ತದೆ ಅಂತ ಮೊದಲೇ ಓದಿದವರಿಗೆ ಆ ಸದ್ದು ಕಿರಿಕಿರಿ ಆಗುವುದು ಅಪರೂಪ. "ಸಂಪೂರ್ಣ ನಿಶ್ಶಬ್ದ" ಅಂತ ಓದಿ ಬಂದವರು ಅದೇ ಜೀಪಿಗೆ ಎರಡು ಸ್ಟಾರ್ ಕೊಟ್ಟು ಹೋಗುತ್ತಾರೆ. ಆದ್ದರಿಂದ "ಸಂಪೂರ್ಣ", "ಅಪ್ಪಟ" ಅನ್ನುವ ಮಾತು ಬೇಡವೇ ಬೇಡ.

ಹಕ್ಕಿಯದು ಬೇರೆ ವಿಷಯ. ಅದೇ ನಿಮ್ಮ ಸರಕು, ವಿವರಣೆಯ ಮೊದಲ ಸಾಲುಗಳಿಗೆ ಹೋಗಬೇಕಾದದ್ದು ಅದು. "ಹಕ್ಕಿಗಳ ಕಲರವ" ಅಂತಲ್ಲ, ಯಾವ ಹಕ್ಕಿ, ಎಷ್ಟು ಹೊತ್ತಿಗೆ ಅಂತ. ಹೆಸರು ಗೊತ್ತಿಲ್ಲದ ಹಕ್ಕಿ ಇದ್ದರೆ ಕೂಗನ್ನು ಬರೆದರೂ ಸಾಕು.

ಇದು ಒಂದು ದಿನದ ಲೆಕ್ಕ ಆಯಿತು. ಆದರೆ ಕಾಫಿ ತೋಟದ ಸದ್ದು ವರ್ಷವಿಡೀ ಒಂದೇ ಇರುವುದಿಲ್ಲ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿರುವ ನೀವು ಬರೆಯುವುದಿಲ್ಲ. ನಿಶ್ಶಬ್ದದ ಹೆಸರಲ್ಲಿ ಬರುವ ದೂರುಗಳಲ್ಲಿ ತುಂಬಾ ಭಾಗ ಇಲ್ಲಿಂದಲೇ ಹುಟ್ಟುತ್ತದೆ.

ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು. ಅವತ್ತಿನ ಹಣ್ಣಿನ ಸಿಪ್ಪೆಯನ್ನು ಅವತ್ತೇ ಬಿಡಿಸಬೇಕಾದ್ದರಿಂದ ಆ ಕೆಲಸದ ಮೆಷಿನ್, ಪಲ್ಪರ್, ಓಡುವುದು ಸಂಜೆಗೆ, ಕೆಲವೊಮ್ಮೆ ರಾತ್ರಿಗೂ ಎಳೆಯುತ್ತದೆ. ಬೆಳಗ್ಗೆ ಮಾತ್ರ ಮಂಜು, ಕಣದಲ್ಲಿ ಕಾಫಿ ಎಳೆಯುವ ಸರಸರ ಸದ್ದು ಅಷ್ಟೇ. ಅಂದರೆ ಸಂಜೆ ಗದ್ದಲ, ಬೆಳಗು ಚೆಂದ. ನೀವು ಮಾರುವುದು ಬೆಳಗನ್ನು ತಾನೇ, ಧೈರ್ಯವಾಗಿ ಬರೆಯಬಹುದು. ಜನವರಿ ಕಳೆದ ಮೇಲೆ ರೊಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ಅದರ ಹಿಂದೆಯೇ ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು. ನಿಮ್ಮಲ್ಲಿ ರೊಬಸ್ಟಾ ಇದ್ದು ಸ್ಪ್ರಿಂಕ್ಲರ್ ಹಾಕುವುದಾದರೆ ಡೀಸೆಲ್ ಪಂಪ್‌ಸೆಟ್ ಗಂಟೆಗಟ್ಟಲೆ ಓಡುತ್ತದೆ. ಕೆರೆ ಮನೆಗೆ ಹತ್ತಿರವಿದ್ದರೆ ಆ ದಿನಗಳಲ್ಲಿ ನಿಶ್ಶಬ್ದ ಅನ್ನುವ ಮಾತನ್ನೇ ಎತ್ತಬೇಡಿ. ಆ ರಾತ್ರಿಗಳನ್ನು ಬುಕಿಂಗ್‌ಗೆ ಮುಚ್ಚಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ, ಮೂರು ನಾಲ್ಕು ದಿನ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಅದನ್ನು ನೋಡಲೆಂದೇ ಬರುವವರಿದ್ದಾರೆ. ಆದರೆ ತಾರೀಕು ಹೇಳಿ ಮಾತು ಕೊಡಬೇಡಿ. "ಹೂ ಅರಳಿಸುವ ಮಳೆಯಾದ ಕೂಡಲೇ ತಿಳಿಸುತ್ತೇವೆ, ಬೇಕಿದ್ದವರು ಫೋನ್ ನಂಬರ್ ಕೊಟ್ಟಿರಿ" ಅಂತ ಬರೆಯಿರಿ.

ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಕತ್ತಿ ಸದ್ದು, ಕೊಂಬೆ ಬೀಳುವ ಸದ್ದು, ಆದರೆ ಅದು ಹಗಲಿಗೆ ಮಾತ್ರ. ಜೂನ್ ಬಂತೆಂದರೆ ಹೆಂಚಿನ ಮೇಲೆ ಮಳೆ, ಬೇರೆ ಏನೂ ಕೇಳುವುದಿಲ್ಲ. ನಿಧಾನದ ಬೆಳಗು ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಇಂಬಳ ಇರುತ್ತದೆ, ಕರೆಂಟ್ ಹೋಗುತ್ತದೆ ಅನ್ನುವುದನ್ನು ಸೇರಿಸಿ ಬರೆದರಾಯಿತು. ಕರೆಂಟ್ ಹೋದಾಗ ನೀವು ಜನರೇಟರ್ ಹಾಕುತ್ತೀರೋ ಯುಪಿಎಸ್ಸೋ ಅನ್ನುವುದನ್ನೂ ಬರೆಯಿರಿ. ಕೇಳುವವರಿಗೆ ಎರಡಕ್ಕೂ ಅಜಗಜಾಂತರ.

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಕಳೆ ಹೊಡೆಯುವ ಮೆಷಿನ್. ಮಳೆ ಕಡಿಮೆಯಾದ ಮೇಲೆ ಅದು ಶುರುವಾದರೆ ಆ ಕೀರಲು ದನಿ ಗುಡ್ಡದಾಚೆಗೂ ಕೇಳುತ್ತದೆ. ಇಲ್ಲಿ ನಿಮಗೊಂದು ಅನುಕೂಲ ಇದೆ. ತೋಟ ನಿಮ್ಮದೇ, ರೈಟರ್ ನಿಮ್ಮವರೇ. ಅತಿಥಿಗಳಿರುವ ದಿನ ಬೆಳಗ್ಗೆ ದೂರದ ಬ್ಲಾಕ್, ಹನ್ನೊಂದರ ಮೇಲೆ ಮನೆ ಹತ್ತಿರದ ಬ್ಲಾಕ್ ಅಂತ ಹೇಳಿಟ್ಟರೆ ಕೆಲಸವೂ ಕೆಡುವುದಿಲ್ಲ, ಬೆಳಗೂ ಕೆಡುವುದಿಲ್ಲ. ಇದನ್ನು ವಿವರಣೆಯಲ್ಲಿ ಒಂದು ಸಾಲು ಬರೆಯಿರಿ. ಇಷ್ಟು ಕಾಳಜಿ ಇರುವ ಮನೆ ಅಂತ ಓದಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಇಷ್ಟು ಕೈಯಲ್ಲಿದ್ದರೆ ಬರೆಯುವುದು ಕಷ್ಟವಲ್ಲ. ನಿಮ್ಮ ಪ್ರಶ್ನೆಯಲ್ಲಿ ಇರುವುದನ್ನೂ ಮೇಲಿನ ಪಟ್ಟಿಯನ್ನೂ ಇಟ್ಟುಕೊಂಡು ಒಂದು ಮಾದರಿ ಬರೆದಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಬಂದದ್ದನ್ನು ಹಾಕಿ ಬದಲಿಸಿಕೊಳ್ಳಿ.

"ಮೂರು ರೂಮಿನ ತೋಟದ ಮನೆ, ಮಧ್ಯಾಹ್ನ 12ರವರೆಗೆ ನಿಮ್ಮದೇ ಬೆಳಗು

ಆರು ಗಂಟೆಗೆ ಜಗಲಿಯ ಮೇಲೆ ಫ್ಲಾಸ್ಕಿನಲ್ಲಿ ಕಾಫಿ ಇಟ್ಟಿರುತ್ತೇವೆ. ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ಆ ಹೊತ್ತಿಗೆ ಕೇಳುವುದು ಪಿಕಳಾರ, ಕಾಜಾಣ, ಸ್ವಲ್ಪ ಕಾದರೆ ಅತ್ತಿ ಮರದ ಕುಟ್ರ ಹಕ್ಕಿ. ಇಲ್ಲಿ ಟಿವಿ, ಈಜುಕೊಳ, ಕ್ಯಾಂಪ್‌ಫೈರ್, ಮ್ಯೂಸಿಕ್ ಇಲ್ಲ. ನೋಡಲೇಬೇಕಾದ ಜಾಗ ಅಂತ ಹತ್ತಿರದಲ್ಲಿ ಯಾವುದೂ ಇಲ್ಲ. ಓದಲು, ಮಲಗಲು, ತೋಟದ ದಾರಿಯಲ್ಲಿ ನಡೆಯಲು, ಸುಮ್ನೆ ಕೂರಲು ಬರುವವರಿಗೆ ಈ ಮನೆ.

ತಿಂಡಿ 8ರಿಂದ 10:30ರವರೆಗೆ ಯಾವಾಗ ಬೇಕಾದರೂ ಸಿಗುತ್ತದೆ. ಬಿಸಿ ಕಡುಬು, ಕೆಲವು ದಿನ ಅಕ್ಕಿ ರೊಟ್ಟಿ.

ಇದು ಕೆಲಸ ನಡೆಯುವ ಕಾಫಿ ತೋಟ. ಬೆಳಗ್ಗೆ ಏಳೂಮುಕ್ಕಾಲಿಗೆ ಕೆಲಸದವರ ಜೀಪು ಬರುತ್ತದೆ, ನಾಯಿ ಬೊಗಳುತ್ತದೆ, ಎಂಟೂವರೆಗೆ ಎಲ್ಲ ತಣ್ಣಗಾಗುತ್ತದೆ. ಅತಿಥಿಗಳಿರುವ ದಿನ ಹನ್ನೊಂದಕ್ಕೆ ಮುಂಚೆ ಮನೆ ಹತ್ತಿರ ಮೆಷಿನ್ ಓಡಿಸುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಸಂಜೆ ಪಲ್ಪರ್ ಸದ್ದು ಇರುತ್ತದೆ. ತೋಟದಲ್ಲಿ ಕೆಲಸ ಮಾಡುವವರ ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ.

ಒಟ್ಟಿಗೆ ಆರು ಜನಕ್ಕಿಂತ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ. ಸ್ಪೀಕರ್ ತರಬೇಡಿ. ಪಕ್ಕದ ರೂಮಿನವರೂ ಇದೇ ಬೆಳಗಿಗೆ ಬಂದಿರುತ್ತಾರೆ. ಮಕ್ಕಳು ಬರಬಹುದು, ಮಕ್ಕಳ ಗಲಾಟೆ ನಮಗೆ ಗಲಾಟೆಯಲ್ಲ."

ಇದರಲ್ಲಿ "ಶಾಂತ", "ಪ್ರಶಾಂತ", "ನೆಮ್ಮದಿ" ಯಾವ ಮಾತೂ ಬಂದಿಲ್ಲ. ಬೇಕಾಗಲಿಲ್ಲ. ಯಾರೂ ಎಬ್ಬಿಸುವುದಿಲ್ಲ ಅಂದ ಮೇಲೆ ಇನ್ನೇನು ಹೇಳುವುದು?

ಇಲ್ಲದ್ದರ ಪಟ್ಟಿಯನ್ನು ಮೊದಲ ಪ್ಯಾರಾದಲ್ಲೇ ಇಟ್ಟಿದ್ದೇನೆ. ಇದಕ್ಕೆ ಮನೆಯವರು ಒಪ್ಪುವುದು ಕಷ್ಟ. ಅಂಗಡಿಯವನು ಬಾಗಿಲಲ್ಲೇ ನಿಂತು ನನ್ನಲ್ಲಿ ಏನೇನಿಲ್ಲ ಅಂತ ಹೇಳಿದ ಹಾಗೆ ಅನಿಸುತ್ತದೆ. ಆದರೆ ಫೋನಿನಲ್ಲಿ ವಿವರಣೆಯ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ತುಂಬಾ ಜನ ಒತ್ತುವುದಿಲ್ಲ. "ಇಲ್ಲಿ ಮಾಡೋಕೆ ಏನೂ ಇಲ್ಲ" ಅಂತ ದೂರು ಬರೆದವರಿಗೆ ಆ ಮಾತು ಬುಕ್ ಮಾಡುವ ಮೊದಲು ಸಿಕ್ಕಿದ್ದರೆ ಅವರು ಬೇರೆ ಕಡೆ ಹೋಗುತ್ತಿದ್ದರು, ಅವರಿಗೂ ರಜೆ ಹಾಳಾಗುತ್ತಿರಲಿಲ್ಲ. ಅದೇ ಸಾಲನ್ನು ಓದಿ "ಅಬ್ಬಾ, ಇದೇ ಬೇಕಿತ್ತು" ಅನ್ನುವವರೂ ಇದ್ದಾರೆ. ನಿಮಗೆ ಬೇಕಾದವರು ಅವರು.

ಸ್ಪೀಕರ್ ಬಗ್ಗೆ ಎರಡು ಮಾತು. "ದಯವಿಟ್ಟು ನಿಶ್ಶಬ್ದ ಕಾಪಾಡಿ" ಅಂತ ಬರೆದರೆ ಯಾರೂ ಅದು ತಮಗೆ ಹೇಳಿದ್ದು ಅಂದುಕೊಳ್ಳುವುದಿಲ್ಲ. ನಾವು ಮೆಲ್ಲಗೇ ಹಾಕುತ್ತೇವೆ ಅಂತ ಪ್ರತಿ ಗುಂಪಿಗೂ ಅನಿಸುತ್ತದೆ. ವಸ್ತುವಿನ ಹೆಸರು ಹೇಳಿ, ತರಬೇಡಿ ಅನ್ನಿ, ಕಾರಣ ಒಂದು ಸಾಲಿನಲ್ಲಿ ಕೊಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಆದರೆ ವಿವರಣೆಯಲ್ಲಿ ಕಾನೂನು ಎಳೆದು ತರಬೇಡಿ, ಬರುವ ಮೊದಲೇ ಬೆದರಿಸಿದ ಹಾಗಾಗುತ್ತದೆ. ಯಾರಾದರೂ ಹಟ ಹಿಡಿದ ರಾತ್ರಿ ಹೇಳಲು ನಿಮ್ಮ ಬಳಿ ಇರಲಿ ಅಷ್ಟೇ. ಗುಂಪಿನ ರಿಯಾಯಿತಿಯನ್ನಂತೂ ಇವತ್ತೇ ತೆಗೆಯಿರಿ. ರಿಯಾಯಿತಿ ಕೊಡಲೇಬೇಕು ಅನಿಸಿದರೆ ಎರಡನೇ ರಾತ್ರಿಗೆ ಕೊಡಿ. ಎರಡು ರಾತ್ರಿ ಉಳಿದವರಿಗೆ ಹೊರಡುವ ಗಡಿಬಿಡಿ ಇಲ್ಲದ ಒಂದು ಪೂರ್ತಿ ಬೆಳಗು ಸಿಗುತ್ತದೆ, ಒಳ್ಳೆಯ ಮಾತು ಬರೆಯುವವರು ಹೆಚ್ಚಾಗಿ ಅವರೇ.

ಫೋಟೋ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ಫೋಟೋ ರಾತ್ರಿಯ ಬೆಂಕಿಯದ್ದಾಗಿದ್ದರೆ ಮೇಲೆ ಬರೆದದ್ದೆಲ್ಲ ವ್ಯರ್ಥ. ಜಗಲಿಯಲ್ಲಿ ಒಂದು ಖಾಲಿ ಕುರ್ಚಿ, ಪಕ್ಕದಲ್ಲಿ ಫ್ಲಾಸ್ಕು, ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಮರ. ಬೆಳಗ್ಗೆ ಏಳೂವರೆ ಹೊತ್ತಿಗೆ ತೆಗೆಯಿರಿ. ಚಳಿಗಾಲವಾದರೆ ಇನ್ನೂ ತಡವಾಗಲಿ, ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಏಳಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ, ಬಿಸಿಲು ಜಗಲಿಗೆ ಇಳಿಯಲು ಇನ್ನೂ ಹೊತ್ತು ಬೇಕು.

ವಿವರಣೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದು ಬುಕಿಂಗ್ ಸಂಖ್ಯೆಯಿಂದ ಬೇಗ ತಿಳಿಯುವುದಿಲ್ಲ. ಗುಂಪುಗಳು ನಿಂತ ಕೂಡಲೇ ಶನಿವಾರಗಳು ಸ್ವಲ್ಪ ಖಾಲಿ ಹೊಡೆಯುತ್ತವೆ, ಅದಕ್ಕೆ ಗಾಬರಿ ಬೇಡ. ಬುಕ್ ಮಾಡುವ ಮೊದಲು ಜನ ಕಳಿಸುವ ಪ್ರಶ್ನೆಗಳನ್ನು ಗಮನಿಸಿ. "ಆಕ್ಟಿವಿಟಿ ಏನೇನಿದೆ?" ಅಂತ ಇನ್ನೂ ಬರುತ್ತಿದ್ದರೆ ಇಲ್ಲದ್ದರ ಪಟ್ಟಿ ಕೆಳಗೆ ಹೋಗಿದೆ, ಮೇಲಕ್ಕೆ ತನ್ನಿ. "ಸ್ಪೀಕರ್ ತರಬಹುದಾ?" ಅಂತ ಬಂದರೆ ಯಾವುದೋ ಒಂದು ಫೋಟೋ ಇನ್ನೂ ಪಾರ್ಟಿ ಅಂತ ಕರೆಯುತ್ತಿದೆ, ಹುಡುಕಿ ತೆಗೆಯಿರಿ. "ಮಳೆಗಾಲದಲ್ಲಿ ಯಾವ ರೂಮಿನಿಂದ ತೋಟ ಕಾಣುತ್ತದೆ?", "ಓದಲು ಬೆಳಕು ಚೆನ್ನಾಗಿದೆಯಾ?" ಅನ್ನುವ ಪ್ರಶ್ನೆ ಬರತೊಡಗಿದರೆ ಸರಿಯಾದವರಿಗೆ ತಲುಪಿದೆ ಅಂತ ಅರ್ಥ. ಉಳಿದು ಹೋದವರ ಮಾತಿನಲ್ಲೂ ಇದನ್ನೇ ನೋಡಿ. "ತುಂಬಾ ಚೆನ್ನಾಗಿತ್ತು" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಫ್ಲಾಸ್ಕು, ಕಡುಬು, ಕುಟ್ರ ಹಕ್ಕಿ ಅಂತ ಹೆಸರು ಹಿಡಿದು ಬರೆದಿದ್ದರೆ ಅವರು ನಿಮ್ಮ ವಿವರಣೆ ಓದಿಯೇ ಬಂದವರು, ಓದಿದ್ದೇ ಅವರಿಗೆ ಸಿಕ್ಕಿದೆ. ಅಂಥ ಮಾತನ್ನು ತೆಗೆದು ವಿವರಣೆಗೆ ಸೇರಿಸಿಕೊಳ್ಳಿ.

ಕಾಲದ ಸಾಲನ್ನು ವರ್ಷಕ್ಕೆ ನಾಲ್ಕು ಸಲ ಬದಲಿಸಬೇಕು: ಜೂನ್ ಆರಂಭ, ಮೆಷಿನ್ ಶುರುವಾಗುವಾಗ, ಕೊಯ್ಲಿಗೆ ಮುಂಚೆ, ಹೂವಿನ ನೀರಿಗೆ ಮುಂಚೆ. ರೈಟರ್ ಜೊತೆ ಕೆಲಸದ ಲೆಕ್ಕ ಹಾಕುವ ದಿನವೇ ಇದನ್ನೂ ಮುಗಿಸಿಬಿಟ್ಟರೆ ಮರೆತುಹೋಗುವುದಿಲ್ಲ. ಇನ್ನು, ಒಂದು ಸೈಟಿನಲ್ಲಿ ತಿದ್ದಿ ಸುಮ್ಮನಾಗಬೇಡಿ. ಗೂಗಲ್ ಮ್ಯಾಪ್‌ನಲ್ಲಿ ಇರುವ ನಿಮ್ಮ ಮನೆಯ ಪುಟ, ಏಜೆಂಟರು ವಾಟ್ಸಾಪ್‌ನಲ್ಲಿ ಹಂಚುತ್ತಿರುವ ಹಳೆ ಪೋಸ್ಟರ್, ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಿಸಿದ ಬೋರ್ಡು, ಎಲ್ಲ ಕಡೆಯಿಂದಲೂ ಕ್ಯಾಂಪ್‌ಫೈರ್ ಮತ್ತು ಗುಂಪಿನ ರಿಯಾಯಿತಿ ಹೋಗಬೇಕು. ಏಜೆಂಟರಿಗೆ ಹೊಸ ಪೋಸ್ಟರ್ ಕಳಿಸುವಾಗ ಆರು ಜನ, ಸ್ಪೀಕರ್ ಇಲ್ಲ ಅನ್ನುವ ಎರಡು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ, ಫೋನ್ ಮಾಡಿಯೂ ಹೇಳಿ. ಗುಂಪುಗಳು ಬರುತ್ತಿದ್ದದ್ದು ಹೆಚ್ಚಾಗಿ ಅವರ ಮೂಲಕವೇ ಇರಬಹುದು.